ಮೂರು ನೇಮಕಾತಿ ಪತ್ರ, ಒಂದು ಸಹಿ: ಯಾವುದನ್ನು ಆರಿಸೋದು?

ಕಳೆದ ತಿಂಗಳು ಒಂದು ಭಾನುವಾರ ನನ್ನ ಅಕ್ಕನ ಮಗಳು ಸುಂಟಿಕೊಪ್ಪದಿಂದ ಮನೆಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಒಳಗೆ ಮೂರು ಪತ್ರ. ಬಿ.ಕಾಂ ಮುಗಿಸಿ ಎರಡು ವರ್ಷ ಒಂದು ಆಡಿಟರ್ ಹತ್ತಿರ ಕೆಲಸ ಮಾಡಿದ್ದಳು. ಈಗ ಒಂದೇ ವಾರದಲ್ಲಿ ಮೂರು ಕಡೆಯಿಂದ ಕರೆ ಬಂದಿತ್ತು. ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸ್, ವರ್ಷಕ್ಕೆ 3 ಲಕ್ಷ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರದ ಕೆಲಸ, 2 ಲಕ್ಷ 40 ಸಾವಿರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ವಿಭಾಗ, 4 ಲಕ್ಷ 20 ಸಾವಿರ.

"ಚಿಕ್ಕಮ್ಮ, ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಬಿಟ್ಟು ಎರಡು ನಲವತ್ತಕ್ಕೆ ಯಾರಾದ್ರೂ ಹೋಗ್ತಾರಾ? ನೀವೇ ಹೇಳಿ" ಅಂದಳು.

ನಾನು ಹದಿನಾಲ್ಕು ವರ್ಷ ಇಲ್ಲಿನ ಬೇರೆ ಬೇರೆ ಆಫೀಸುಗಳಲ್ಲಿ ಇಂಥ ಪತ್ರಗಳನ್ನು ಟೈಪ್ ಮಾಡಿಸಿದವಳು, ಸಹಿ ಹಾಕಿಸಿಕೊಂಡವಳು. ಪತ್ರದ ಮೊದಲ ಪುಟದ ಮೊತ್ತ ಎಲ್ಲರಿಗೂ ಕಾಣುತ್ತದೆ. ಮೂರನೇ ಪುಟ ಯಾರೂ ಓದುವುದಿಲ್ಲ. ಅವಳ ಹಾಗೆ ಎರಡು ಮೂರು ಪತ್ರ ಹಿಡಿದು ಕೂತಿರುವವರು ಹಲವರು ನನ್ನನ್ನು ಕೇಳಿದ್ದಾರೆ. ಹಾಗಾಗಿ ಆ ದಿನ ನಾವು ಊಟದ ಮೇಜಿನ ಮೇಲೆ ಹರಡಿಕೊಂಡು ಮಾಡಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಮೂರೂ ಪತ್ರಕ್ಕೆ ನಾಲ್ಕು ಪ್ರಶ್ನೆ ಕೇಳಿದೆವು. ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಎಷ್ಟು ಬರುತ್ತದೆ? ಕೆಲಸ ಯಾವಾಗ ಖಾಯಂ ಆಗುತ್ತದೆ, ಅದನ್ನು ಯಾರು ಹೇಳಬೇಕು? ನಾಳೆ ಬಿಡಬೇಕು ಅನ್ನಿಸಿದರೆ ಕೈಯಿಂದ ಎಷ್ಟು ಹೋಗುತ್ತದೆ? ಬಿಟ್ಟ ಮೇಲೆ ನಾನು ಏನು ಮಾಡಬಾರದು ಅಂತ ಬರೆದಿದ್ದಾರೆ?

ಇನ್ನೊಂದು ಮಾತು. ಆಫರ್ ಲೆಟರ್ ಬೇರೆ, ನೇಮಕಾತಿ ಪತ್ರ ಬೇರೆ. ಆಫರ್ ಲೆಟರ್ ಒಂದು ಪುಟದ್ದು, ಅದರಲ್ಲಿ ಸಂಬಳ ಮತ್ತು ಸೇರುವ ತಾರೀಕು ಇರುತ್ತದೆ. ಷರತ್ತುಗಳೆಲ್ಲ ನೇಮಕಾತಿ ಪತ್ರದಲ್ಲಿ. ಅದನ್ನು ತುಂಬಾ ಕಡೆ ಸೇರುವ ದಿನ ಬೆಳಿಗ್ಗೆ ಕೈಗಿಟ್ಟು "ಇಲ್ಲಿ ಸೈನ್ ಮಾಡಿ" ಅನ್ನುತ್ತಾರೆ. ಅಷ್ಟರಲ್ಲಿ ಹಳೇ ಕೆಲಸ ಬಿಟ್ಟಾಗಿರುತ್ತದೆ. ಅದಕ್ಕೇ ಹಳೇ ಕಡೆ ರಾಜೀನಾಮೆ ಕೊಡುವ ಮೊದಲೇ "ನೇಮಕಾತಿ ಪತ್ರದ ಕರಡು ಕಳಿಸಿ" ಅಂತ ಮೇಲ್ ಮಾಡಿ. ಅವಳಿಂದಲೂ ಹಾಗೇ ಮಾಡಿಸಿದ್ದೆ. ಮೂರೂ ಕಡೆಯವರು ಕಳಿಸಿದರು.

ಸಂಬಳ: ಮೂರು ಮೊತ್ತ ಒಂದೇ ಭಾಷೆಯಲ್ಲಿಲ್ಲ

ರೆಸಾರ್ಟ್‌ನ ಪತ್ರ ಮತ್ತು ಬೆಂಗಳೂರಿನ ಪತ್ರ ಹೇಳುವುದು ಸಿಟಿಸಿ. ಅಂದರೆ ನಿಮಗಾಗಿ ಕಂಪನಿ ಮಾಡುವ ಎಲ್ಲ ಖರ್ಚು. ಕ್ಯೂರಿಂಗ್ ವರ್ಕ್ಸ್‌ನ ಪತ್ರ ಹೇಳುವುದು ಗ್ರಾಸ್. ಅಂದರೆ ಕಡಿತಕ್ಕೆ ಮುಂಚಿನ ನಿಮ್ಮ ಸಂಬಳ ಮಾತ್ರ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು.

ರೆಸಾರ್ಟ್‌ನ ಪತ್ರ ಬಿಡಿಸೋಣ. ತಿಂಗಳಿಗೆ 25,000. ಅದರೊಳಗೆ ಊಟ-ವಸತಿ ಅಂತ 4,000 ಸೇರಿಸಿದ್ದಾರೆ. ಕಂಪನಿ ಕಟ್ಟುವ ಪಿಎಫ್ 1,800, ಇಎಸ್‌ಐ ಅನ್ನುವ ಸರ್ಕಾರಿ ಆರೋಗ್ಯ ವಿಮೆಗೆ ಕಂಪನಿಯ ಪಾಲು 582, ಗ್ರಾಚ್ಯುಟಿ 722. ಇಷ್ಟು ತೆಗೆದರೆ ಗ್ರಾಸ್ ಉಳಿಯುವುದು 17,896. ಅದರಿಂದ ಅವಳ ಪಾಲಿನ ಪಿಎಫ್ 1,800, ಇಎಸ್‌ಐ 135 ಕಡಿತ. ಖಾತೆಗೆ ಬರುವುದು 15,961.

ಕ್ಯೂರಿಂಗ್ ವರ್ಕ್ಸ್‌ನದ್ದು ಸರಳ. ಬೇಸಿಕ್ ಮತ್ತು ಡಿಎ ಸೇರಿ 15,000, ಮನೆ ಬಾಡಿಗೆ ಭತ್ಯೆ 3,500, ಓಡಾಟಕ್ಕೆ 1,500. ಒಟ್ಟು 20,000. ಪಿಎಫ್ 1,800, ಇಎಸ್‌ಐ 150 ಹೋಗಿ 18,050 ಕೈಗೆ. ಕಂಪನಿ ತನ್ನ ಪಾಲಿನ ಪಿಎಫ್, ಇಎಸ್‌ಐಯನ್ನು ಇದರ ಮೇಲೆ ಬೇರೆಯಾಗಿ ಕಟ್ಟುತ್ತದೆ. 25,000 ಅಂತ ಬರೆದ ಕಡೆಗಿಂತ 20,000 ಅಂತ ಬರೆದ ಕಡೆ ಎರಡು ಸಾವಿರ ಜಾಸ್ತಿ ಬರುತ್ತದೆ, ನೋಡಿ.

ಬೆಂಗಳೂರಿನದ್ದು ತಿಂಗಳಿಗೆ 35,000 ಅಂತ ಕಾಣುತ್ತದೆ. ಅದರಲ್ಲಿ 3,500 ವೇರಿಯಬಲ್. ವರ್ಷದ ಕೊನೆಗೆ, ಕಂಪನಿಯ ಲಾಭ ನೋಡಿ ಕೊಡುವುದು. ಪತ್ರದಲ್ಲಿ ಇನ್ನೊಂದು ಸಾಲಿದೆ: ಆ ಹಣ ಕೊಡುವ ದಿನ ನೌಕರ ಕೆಲಸದಲ್ಲಿರಬೇಕು, ನೋಟಿಸ್ ಅವಧಿಯಲ್ಲಿ ಇರಬಾರದು. ಹಾಗಾಗಿ ಅದನ್ನು ಸಂಬಳ ಅಂತ ಎಣಿಸಬೇಡಿ, ಬಂದರೆ ಬಂತು. ಕಂಪನಿಯ ಪಿಎಫ್ 1,800, ಗ್ರಾಚ್ಯುಟಿ 770, ಗುಂಪು ವಿಮೆ 500 ತೆಗೆದರೆ ಗ್ರಾಸ್ 28,430. ಅವಳ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ 26,430 ಕೈಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ ಬರುತ್ತದೆ, ಉಳಿದ ಎರಡು ಕಡೆ ಅದಿಲ್ಲ. ಹಾಗೇ ಇಎಸ್‌ಐ ಇರುವುದು ಸಂಬಳ 21,000 ದಾಟದವರಿಗೆ ಮಾತ್ರ. ಅದಕ್ಕೇ ಬೆಂಗಳೂರಿನವರು ವಿಮೆ ಕೊಟ್ಟಿದ್ದಾರೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಕಡಿತ ಆದದ್ದೆಲ್ಲ ಹೋದ ದುಡ್ಡಲ್ಲ. ಪಿಎಫ್ ಎರಡೂ ಪಾಲು ನಿಮ್ಮದೇ ಹೆಸರಲ್ಲಿ ಕೂರುತ್ತದೆ. ಅದು ಬೇಸಿಕ್ ಮತ್ತು ಡಿಎ ಮೇಲೆ ಶೇಕಡಾ 12. ಬೇಸಿಕ್ 15,000 ದಾಟಿದ್ದರೂ ಹೆಚ್ಚಿನ ಕಂಪನಿಗಳು 15,000ಕ್ಕೇ ಲೆಕ್ಕ ನಿಲ್ಲಿಸಿ 1,800 ಕಟ್ಟುತ್ತವೆ, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಗ್ರಾಚ್ಯುಟಿ ಕತೆ ಬೇರೆ. ಅದು ಕೆಲಸ ಬಿಡುವಾಗ ಕಂಪನಿ ಕೊಡುವ ಮೊತ್ತ, ಅದು ಸಿಗಲು ಖಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಬೇಕು. ಮೂರು ವರ್ಷಕ್ಕೆ ಬಿಡುವವರ ಸಿಟಿಸಿಯಲ್ಲಿ ಆ 722 ಅಥವಾ 770 ಕಾಗದದ ಮೇಲಷ್ಟೇ ಇರುತ್ತದೆ.

ಬೇಸಿಕ್ ತೀರಾ ಕಡಿಮೆ ತೋರಿಸಿ ಭತ್ಯೆಗಳನ್ನು ಉಬ್ಬಿಸಿದ ಪತ್ರ ಕಂಡರೆ ಎಚ್ಚರ ಇರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವನ್ನೂ ವೇತನ ಅಂತಲೇ ಹಿಡಿಯಬೇಕು. ಅವಳ ಮೂರು ಪತ್ರಗಳಲ್ಲಿ ಆ ತೊಂದರೆ ಇರಲಿಲ್ಲ.

ಆಮೇಲೆ ಖರ್ಚು ಕಳೆದೆವು. ಬೆಂಗಳೂರಿನಲ್ಲಿ ಅವಳು ವಿಚಾರಿಸಿದ ಪಿಜಿ ಊಟ ಸೇರಿ 9,000. ಚಿಲ್ಲರೆ ಖರ್ಚು, ತಿಂಗಳಿಗೊಮ್ಮೆ ಊರಿಗೆ ಬರುವುದು ಎಲ್ಲ ಸೇರಿ 12,000 ಹಿಡಿದೆವು. ರೆಸಾರ್ಟ್‌ನಲ್ಲೇ ಉಳಿದರೆ ಊಟ ಅಲ್ಲೇ, ಖರ್ಚು 1,500. ಕುಶಾಲನಗರಕ್ಕೆ ಮನೆಯಿಂದಲೇ ಓಡಾಟ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ ಸಿಕ್ಕಿದ ದಿನ ಟಿಕೆಟ್ ಇಲ್ಲ, ಖಾಸಗಿ ಬಸ್ ಹತ್ತಿದ ದಿನ ಇದೆ. ಮಧ್ಯಾಹ್ನದ ಊಟ, ಬಸ್ ಸೇರಿ 2,500.

| | ಪತ್ರದಲ್ಲಿ | ಖಾತೆಗೆ | ಉಳಿಯೋದು |
|---|---|---|---|
| ರೆಸಾರ್ಟ್ | 25,000 | 15,961 | 14,461 |
| ಕ್ಯೂರಿಂಗ್ ವರ್ಕ್ಸ್ | 20,000 | 18,050 | 15,550 |
| ಬೆಂಗಳೂರು | 35,000 | 26,430 | 14,430 |

ಈ ಪಟ್ಟಿ ನೋಡಿ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಾವಿರ ಚಿಲ್ಲರೆ ವ್ಯತ್ಯಾಸದಲ್ಲಿ ಮೂರೂ ಒಂದೇ. ಊಟ-ವಸತಿ ಸಾಲಿನ ಬಗ್ಗೆ ಮಾತ್ರ ಇನ್ನೊಂದು ಮಾತು ಸೇರಿಸುತ್ತೇನೆ. ರೂಮ್ ಬಳಸದೆ ಮನೆಯಿಂದ ಓಡಾಡಿದರೆ ಆ 4,000 ಸಂಬಳಕ್ಕೆ ಸೇರುತ್ತದಾ ಅಂತ ಕೇಳಿ. ಇಲ್ಲ ಅಂದರೆ, ಸುಂಟಿಕೊಪ್ಪದಂಥ ಹತ್ತಿರದ ಊರಿನವರಿಗೆ ಅದು ಬಳಸದ ಸೌಲಭ್ಯಕ್ಕೆ ಕಟ್ಟುವ ದುಡ್ಡು. ಆದರೆ ರಾತ್ರಿ ಹನ್ನೊಂದಕ್ಕೆ ಮುಗಿಯುವ ಶಿಫ್ಟ್ ಇದ್ದರೆ ರೂಮ್ ಬೇಕೇ ಬೇಕು. ಶಿಫ್ಟ್ ಸಮಯ ಪತ್ರದಲ್ಲಿ ಇರಲಿಲ್ಲ, ಫೋನ್ ಮಾಡಿ ಕೇಳಿಸಿದೆ.

ಪ್ರೊಬೇಷನ್: ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಓದಿ

ಕ್ಯೂರಿಂಗ್ ವರ್ಕ್ಸ್‌ನವರು ಮೂರು ತಿಂಗಳು ಅಂದಿದ್ದಾರೆ. ಬೆಂಗಳೂರಿನವರು ಆರು ತಿಂಗಳು. ರೆಸಾರ್ಟ್‌ನವರೂ ಆರು ತಿಂಗಳು, ಜೊತೆಗೆ "ಸಂಸ್ಥೆ ಬಯಸಿದರೆ ಇನ್ನೂ ಆರು ತಿಂಗಳು ಮುಂದುವರಿಸಬಹುದು, ಲಿಖಿತ ಆದೇಶ ಬರುವವರೆಗೆ ಪ್ರೊಬೇಷನ್ ಮುಗಿದಿಲ್ಲ ಎಂದೇ ಅರ್ಥ" ಅಂತ ಒಂದು ಸಾಲು.

ಈ ಕೊನೆಯ ಸಾಲು ಇದ್ದರೆ ಆರು ತಿಂಗಳು ಕಳೆದ ಕೂಡಲೇ ಖಾಯಂ ಆದೆ ಅಂತ ತಿಳಿಯಬೇಡಿ. ಅವರು ಬರೆದು ಕೊಡಬೇಕು. ನಮ್ಮ ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಡಿಸೆಂಬರ್ 1ಕ್ಕೆ ರೆಸಾರ್ಟ್ ಸೇರಿದರೆ ಆರು ತಿಂಗಳು ಮುಗಿಯುವುದು ಮೇ 31ಕ್ಕೆ. ಮರುದಿನದಿಂದ ಮಳೆಗಾಲ. ರೂಮ್‌ಗಳು ಖಾಲಿ ಬೀಳುವ ಸಮಯ. ಹುತ್ತರಿಯಿಂದ ಬೇಸಿಗೆ ರಜೆವರೆಗೆ ನಿಮ್ಮನ್ನು ದುಡಿಸಿಕೊಂಡು, ಜೂನ್‌ನಲ್ಲಿ "ಪ್ರೊಬೇಷನ್ ವಿಸ್ತರಣೆ" ಅಂತ ಪತ್ರ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಅಂಥ ಪತ್ರವನ್ನು ನಾನೇ ಟೈಪ್ ಮಾಡಬೇಕಾಯಿತು. ಅದನ್ನು ಪಡೆದ ಹುಡುಗ ಆಗಷ್ಟೇ ಕಂತಿನಲ್ಲಿ ಬೈಕ್ ತಗೊಂಡಿದ್ದ. ಅವನ ಮುಖ ಇನ್ನೂ ನೆನಪಿದೆ. ಇದೇ ಪತ್ರದಲ್ಲಿ "ವ್ಯವಹಾರ ಕಡಿಮೆ ಇರುವ ತಿಂಗಳುಗಳಲ್ಲಿ ಸಂಬಳರಹಿತ ರಜೆ ನೀಡಬಹುದು" ಅಂತ ಇದೆಯಾ ಹುಡುಕಿ. ಅವಳ ಪತ್ರದಲ್ಲಿ ಇತ್ತು, ರಜೆಯ ಷರತ್ತಿನ ಕೆಳಗೆ ಅಡಗಿ ಕೂತಿತ್ತು. ಅದಿದ್ದರೆ ಮೇಲಿನ ಪಟ್ಟಿಯ 14,461 ವರ್ಷಪೂರ್ತಿ ಬರುವ ಮೊತ್ತ ಅಲ್ಲ.

ಪ್ರೊಬೇಷನ್‌ನಲ್ಲಿ ಇದ್ದವರಿಗೆ ಯಾವ ರಕ್ಷಣೆಯೂ ಇಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಪೂರ್ತಿ ಹಾಗಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ, ಅಥವಾ ಆ ತಿಂಗಳ ಸಂಬಳ ಕೊಡದೆ, ತೆಗೆಯುವಂತಿಲ್ಲ. ದುರ್ನಡತೆ ಸಾಬೀತಾದರೆ ಬೇರೆ ಮಾತು. ಆ ಕಾಯ್ದೆ ಅನ್ವಯಿಸುವ ಸಂಸ್ಥೆಯಾದರೆ ಸೇರಿದ ತಾರೀಕಿನ ದಾಖಲೆ ಜೋಪಾನ ಮಾಡಿ. ಮೊದಲ ಪೇ ಸ್ಲಿಪ್ ಸಾಕು.

ನೋಟಿಸ್: ಬಿಟ್ಟು ಹೋಗುವ ಖರ್ಚು

ನನಗೆ ಇದು ಪತ್ರದ ಅತಿ ಮುಖ್ಯ ಭಾಗ. ಸಂಬಳದ ವ್ಯತ್ಯಾಸ ಸಾವಿರಗಳಲ್ಲಿ ಇತ್ತು, ಇಲ್ಲಿ ಲಕ್ಷದ ಲೆಕ್ಕ.

ಕ್ಯೂರಿಂಗ್ ವರ್ಕ್ಸ್: ಪ್ರೊಬೇಷನ್‌ನಲ್ಲಿ 15 ದಿನ, ಖಾಯಂ ಆದ ಮೇಲೆ 30 ದಿನ. ಎರಡೂ ಕಡೆಗೆ ಒಂದೇ ನಿಯಮ.

ರೆಸಾರ್ಟ್: ಪ್ರೊಬೇಷನ್‌ನಲ್ಲಿ ನೌಕರ 30 ದಿನದ ನೋಟಿಸ್ ಕೊಡಬೇಕು, ಸಂಸ್ಥೆ ನೋಟಿಸ್ ಇಲ್ಲದೆ ತೆಗೆಯಬಹುದು. ದಾರಿ ಒಂದೇ ಕಡೆಗೆ ತೆರೆದಿದೆ. ಇದನ್ನು ಸರಿ ಮಾಡಿಸಲು ಕೇಳಿದರೆ ತುಂಬಾ ಕಡೆ ಒಪ್ಪುತ್ತಾರೆ, ಯಾಕೆಂದರೆ ಅವರಿಗೂ ಅದು ಹಳೇ ಪತ್ರದಿಂದ ನಕಲು ಆಗಿ ಬಂದ ಸಾಲು.

ಬೆಂಗಳೂರು: ಖಾಯಂ ಆದ ಮೇಲೆ 90 ದಿನ. ಬಿಟ್ಟು ಹೋಗುವವರು ನೋಟಿಸ್ ಪೂರ್ತಿ ಮಾಡದಿದ್ದರೆ "ಗ್ರಾಸ್ ಸಂಬಳ" ಕಟ್ಟಬೇಕು. ಕಂಪನಿ ತೆಗೆದರೆ ಕೊಡುವುದು "ಬೇಸಿಕ್ ಸಂಬಳ". ಒಂದೇ ಷರತ್ತು, ಎರಡು ಪದ. ಅವಳ ಲೆಕ್ಕದಲ್ಲಿ ಮೂರು ತಿಂಗಳ ಗ್ರಾಸ್ 85,290. ಮೂರು ತಿಂಗಳ ಬೇಸಿಕ್ 16,000ದಂತೆ 48,000. ಆ ಒಂದು ಪದದ ಬೆಲೆ 37,290. ಅದೂ ಅಲ್ಲದೆ ದುಡ್ಡು ಕಟ್ಟಿ ಬೇಗ ಬಿಡುವ ಅವಕಾಶ "ಕಂಪನಿಯ ವಿವೇಚನೆಗೆ ಬಿಟ್ಟದ್ದು". ಅಂದರೆ ದುಡ್ಡಿದ್ದರೂ ಅವರು ಬೇಡ ಅನ್ನಬಹುದು. ಮುಂದಿನ ಕೆಲಸದವರು ಮೂರು ತಿಂಗಳು ಕಾಯುತ್ತಾರಾ?

ಅದರ ಮೇಲೆ ಬಾಂಡ್. ಎರಡು ವರ್ಷದೊಳಗೆ ಬಿಟ್ಟರೆ ತರಬೇತಿ ವೆಚ್ಚ ಅಂತ 1 ಲಕ್ಷ. ಇಪ್ಪತ್ತಮೂರನೇ ತಿಂಗಳಲ್ಲಿ ಬಿಟ್ಟರೂ ಅಷ್ಟೇ. ನೋಟಿಸ್ ದುಡ್ಡು, ಬಾಂಡ್ ಎರಡೂ ಸೇರಿದರೆ 1,85,290. ಅವಳ ಕೈಗೆ ಬರುವ ಸಂಬಳದಲ್ಲಿ ಏಳು ತಿಂಗಳದ್ದು.

"ಬಾಂಡ್‌ಗೆ ಬೆಲೆ ಇಲ್ಲ, ಸುಮ್ನೆ ಸೈನ್ ಮಾಡು" ಅಂತ ಅವಳ ಗೆಳತಿ ಹೇಳಿದ್ದಳಂತೆ. ಆ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದ ಕನಿಷ್ಠ ಸೇವೆ ಮತ್ತು 2 ಲಕ್ಷದ ಷರತ್ತನ್ನು ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಅಧಿಕಾರಿ ಹುದ್ದೆ, ನೇಮಕಾತಿಗೆ ಬ್ಯಾಂಕ್ ಮಾಡುವ ಖರ್ಚನ್ನೂ ಕೋರ್ಟ್ ಗಮನಿಸಿತು. ಪ್ರತಿ ಖಾಸಗಿ ಬಾಂಡ್ ಹಾಗೇ ನಿಲ್ಲುತ್ತದೆ ಅಂತಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ, ಪತ್ರದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ಆದರೂ ಅದನ್ನು ಕೋರ್ಟಿನಲ್ಲಿ ಹೇಳುವುದಕ್ಕಿಂತ ಸಹಿಗೆ ಮುಂಚೆ ಹೇಳುವುದು ಸುಲಭ. ನಾವು ಕೇಳಿದ್ದು ಇಷ್ಟು: ಪ್ರತಿ ತಿಂಗಳು ಮುಗಿದಂತೆ 24ರಲ್ಲಿ ಒಂದು ಭಾಗ, ಅಂದರೆ ಸುಮಾರು 4,167, ಕಡಿಮೆಯಾಗಲಿ. ಆಗ ಒಂದೂವರೆ ವರ್ಷಕ್ಕೆ ಬಿಟ್ಟರೆ 25,000 ಮಾತ್ರ. ಮತ್ತು ಮೂಲ ಅಂಕಪಟ್ಟಿ ಯಾರಿಗೂ ಒತ್ತೆ ಇಡಬೇಡಿ. ತೋರಿಸಿ, ನಕಲು ಕೊಡಿ, ವಾಪಸ್ ತನ್ನಿ.

ಗೌಪ್ಯತೆ: ಗುಟ್ಟು ಎಲ್ಲಿ ಮುಗಿಯುತ್ತದೆ, ಬೇಲಿ ಎಲ್ಲಿ ಶುರುವಾಗುತ್ತದೆ

ಮೂರೂ ಪತ್ರದಲ್ಲಿ ಈ ಷರತ್ತು ಇದೆ, ಇರಬೇಕಾದದ್ದೂ ಹೌದು. ರೆಸಾರ್ಟ್‌ನಲ್ಲಿ ಅತಿಥಿಗಳ ಆಧಾರ್ ನಕಲು, ಯಾರು ಯಾರ ಜೊತೆ ಬಂದರು ಅನ್ನುವುದೆಲ್ಲ ಫ್ರಂಟ್ ಆಫೀಸಿನ ಕೈಯಲ್ಲಿರುತ್ತದೆ. ಅದನ್ನು ಕಾಪಾಡಲೇಬೇಕು.

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಹೊರಗಿನವರಿಗೆ ಅಲ್ಲಿ ಏನು ಗುಟ್ಟು ಅನ್ನಿಸಬಹುದು. ಬೆಳೆಗಾರರು ತಂದ ಪಾರ್ಚ್‌ಮೆಂಟ್ ಅಥವಾ ಚೆರ್ರಿ ಕಾಫಿ ಒಡೆದಾಗ ಎಷ್ಟು ಕ್ಲೀನ್ ಕಾಫಿ ಬಂತು ಅನ್ನುವ ಔಟ್‌ಟರ್ನ್, ಯಾವ ಗ್ರೇಡ್ ಎಷ್ಟು, ಯಾರ ಸರಕು ಇನ್ನೂ ಗೋದಾಮಿನಲ್ಲಿದೆ, ಯಾವ ವ್ಯಾಪಾರಿ ಎಷ್ಟು ದರ ಹೇಳಿದ. ಲೆಕ್ಕಪತ್ರದಲ್ಲಿ ಕೂತವರಿಗೆ ಇದೆಲ್ಲ ದಿನಾ ಕಾಣುತ್ತದೆ. ನಮ್ಮದು ಸಣ್ಣ ಜಿಲ್ಲೆ. ಒಂದು ಮದುವೆ ಮನೆಯಲ್ಲಿ ಮಾವನೇ ಪಕ್ಕಕ್ಕೆ ಕರೆದು "ಆ ತೋಟದವರದ್ದು ಈ ಸಲ ಔಟ್‌ಟರ್ನ್ ಎಷ್ಟು ಬಂತಮ್ಮ?" ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಹೇಳಿದರೆ ಷರತ್ತು ಮುರಿದ ಹಾಗೆ. ನೆಂಟರ ನಡುವೆ ಬಾಯಿ ಬಿಗಿ ಹಿಡಿಯಲು ಆಗದವರು ಇದನ್ನು ಮೊದಲೇ ಯೋಚಿಸಬೇಕು.

ಇನ್ನು ರೆಸಾರ್ಟ್‌ನ ಪತ್ರದಲ್ಲಿ ಗೌಪ್ಯತೆ ಅನ್ನುವ ತಲೆಬರಹದ ಕೆಳಗೇ ಇನ್ನೊಂದು ಸಾಲು ಸೇರಿಸಿದ್ದರು: ಕೆಲಸ ಬಿಟ್ಟ ಒಂದು ವರ್ಷ 50 ಕಿಲೋಮೀಟರ್ ಒಳಗಿನ ಬೇರೆ ಯಾವುದೇ ಹೋಟೆಲ್, ಹೋಮ್‌ಸ್ಟೇ ಸೇರಬಾರದು. ಮಡಿಕೇರಿಯಿಂದ 50 ಕಿಲೋಮೀಟರ್ ಅಂದರೆ ಕುಶಾಲನಗರ, ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲ ಒಳಗೇ ಬಂತು. ಇದು ಗುಟ್ಟು ಕಾಯುವ ಮಾತಲ್ಲ, ಹೊಟ್ಟೆಪಾಡಿಗೆ ಹಾಕಿದ ಬೇಲಿ. ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ದುಡಿಯದಂತೆ ತಡೆಯುವ ಇಂಥ ಕರಾರು ಅಸಿಂಧು. ಕೆಲಸದಲ್ಲಿ ಇರುವಾಗ ಇನ್ನೊಂದು ಕಡೆ ದುಡಿಯಬಾರದು ಅನ್ನುವುದು ಮಾತ್ರ ನಿಲ್ಲುತ್ತದೆ. ಆದರೆ ಅಸಿಂಧು ಅಂತ ಸುಮ್ಮನೆ ಸಹಿ ಹಾಕಿದರೆ, ಬಿಡುವಾಗ ರಿಲೀವಿಂಗ್ ಲೆಟರ್ ತಡೆಹಿಡಿಯಲು ಅದೇ ನೆಪವಾಗುತ್ತದೆ. ಆ ಸಾಲು ತೆಗೆಯಲು ಕೇಳಿ.

ಬೆಂಗಳೂರಿನ ಪತ್ರದ ಗೌಪ್ಯತೆ ಷರತ್ತು ಉದ್ದ ಇದ್ದರೂ ಸರಿಯಾಗಿತ್ತು. ಈಗಾಗಲೇ ಎಲ್ಲರಿಗೂ ಗೊತ್ತಿರುವ ವಿಷಯ, ಕಾನೂನು ಕೇಳಿದಾಗ ಹೇಳಬೇಕಾದ ವಿಷಯ ಇದರಲ್ಲಿ ಬರುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರು. ಈ ಎರಡು ವಿನಾಯಿತಿ ಇಲ್ಲದ ಪತ್ರದಲ್ಲಿ ಅವನ್ನು ಸೇರಿಸಲು ಹೇಳಬಹುದು.

ಯಾರಿಗೆ ಯಾವುದು

ಮನೆಯ ಕಂತು, ಅಪ್ಪ-ಅಮ್ಮನ ಔಷಧಿ ಅಂತ ತಿಂಗಳು ತಪ್ಪದೆ ದುಡ್ಡು ಬೇಕಾದವರಿಗೆ ಕ್ಯೂರಿಂಗ್ ವರ್ಕ್ಸ್‌ನಂಥ ಪತ್ರ ಒಳ್ಳೆಯದು. ಬೇಗ ಖಾಯಂ, ಬಿಡುವುದೂ ಸುಲಭ. ಅದರ ಕೊರತೆ ಏನೆಂದರೆ ಮೇಲೇರಲು ಮೆಟ್ಟಿಲು ಕಡಿಮೆ. ಐದು ವರ್ಷದ ನಂತರವೂ ಅದೇ ಕುರ್ಚಿ ಇರಬಹುದು.

ಊರು ಬಿಟ್ಟು ಆ ಕ್ಷೇತ್ರದಲ್ಲೇ ಬೆಳೆಯಬೇಕು, ಎರಡು ವರ್ಷ ಅಲ್ಲಾಡದೆ ಇರುತ್ತೇನೆ ಅನ್ನುವವರಿಗೆ ಬೆಂಗಳೂರಿನದ್ದು ಸರಿ. ಮೊದಲ ವರ್ಷ ಉಳಿತಾಯ ಜಾಸ್ತಿ ಆಗುವುದಿಲ್ಲ, ಅನುಭವದ ಬೆಲೆ ಮೂರನೇ ವರ್ಷ ಸಿಗಬಹುದು. ಆದರೆ ಮದುವೆ ಮಾತುಕತೆ ನಡೆಯುತ್ತಿದ್ದರೆ, ಸರ್ಕಾರಿ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದರೆ, 90 ದಿನ ಮತ್ತು ಬಾಂಡ್ ಎರಡೂ ಇರುವ ಪತ್ರಕ್ಕೆ ಸಹಿ ಹಾಕಬೇಡಿ ಅಂತಲೇ ಹೇಳುತ್ತೇನೆ.

ರೆಸಾರ್ಟ್ ಕೆಲಸ ದೂರದ ಊರಿನಿಂದ ಬಂದು ಅಲ್ಲೇ ಉಳಿಯುವವರಿಗೆ, ಹೋಟೆಲ್ ಉದ್ಯಮವೇ ಬೇಕು ಅನ್ನುವವರಿಗೆ ಹೊಂದುತ್ತದೆ. ಸಂಬಳರಹಿತ ರಜೆಯ ಸಾಲು, 50 ಕಿಲೋಮೀಟರ್ ಸಾಲು ಎರಡನ್ನೂ ತೆಗೆಸಿದ ಮೇಲೆ.

ಅವಳು ಮೂರೂ ಕಡೆಗೆ ಒಂದೊಂದು ಮೇಲ್ ಹಾಕಿದಳು. ಜಗಳದ ಧಾಟಿ ಇಲ್ಲ. "ಕೆಲಸ ಸೇರಲು ಸಂತೋಷವಿದೆ. ಈ ಕೆಳಗಿನ ಷರತ್ತಿನಲ್ಲಿ ಒಂದು ಬದಲಾವಣೆ ಸಾಧ್ಯವೇ ಎಂದು ದಯವಿಟ್ಟು ತಿಳಿಸಿ" ಅಂತ ಶುರು ಮಾಡಿ, ಷರತ್ತಿನ ಸಂಖ್ಯೆ, ಈಗಿರುವ ಸಾಲು, ಬೇಕಾದ ಸಾಲು ಇಷ್ಟೇ ಬರೆದಳು. ಬೆಂಗಳೂರಿನವರು ಬಾಂಡ್ ತಿಂಗಳ ಲೆಕ್ಕದಲ್ಲಿ ಇಳಿಸಲು ಒಪ್ಪಿದರು, 90 ದಿನಕ್ಕೆ ಒಪ್ಪಲಿಲ್ಲ. ರೆಸಾರ್ಟ್‌ನವರು ನೋಟಿಸ್ ಎರಡೂ ಕಡೆಗೆ ಸಮ ಮಾಡಿದರು, ರಜೆಯ ಸಾಲು ಬಿಡಲಿಲ್ಲ. ಕ್ಯೂರಿಂಗ್ ವರ್ಕ್ಸ್‌ನ ಪತ್ರದಲ್ಲಿ ಮೂರು ತಿಂಗಳ ನಂತರ ಏನು ಅನ್ನುವುದೇ ಇರಲಿಲ್ಲ. ಅವಳು ಅದನ್ನು ಕೇಳಿದ್ದಳು.

ಬುಧವಾರ ಕುಶಾಲನಗರಕ್ಕೆ ಹೋದಳು. ಅಲ್ಲಿನ ಮ್ಯಾನೇಜರ್ ಪತ್ರವನ್ನು ತಿರುಗಿಸಿ, ಎರಡನೇ ಪುಟದ ಅಂಚಿನಲ್ಲಿ ಪೆನ್ನಿನಿಂದಲೇ ಬರೆದರಂತೆ: "ಮೂರು ತಿಂಗಳೊಳಗೆ ಲಿಖಿತವಾಗಿ ಬೇರೆ ತಿಳಿಸದಿದ್ದರೆ ಖಾಯಂ ಎಂದು ಪರಿಗಣಿಸಲಾಗುವುದು." ಕೆಳಗೆ ಸಹಿ, ತಾರೀಕು, ಸೀಲು. ಎರಡು ಪ್ರತಿಯಲ್ಲೂ ಹಾಗೇ ಬರೆಸಿಕೊಂಡು ಅವಳು ಸಹಿ ಹಾಕಿದಳು. ಒಂದು ಪ್ರತಿ ಈಗ ಅಕ್ಕನ ಬೀರುವಿನಲ್ಲಿ, ತೋಟದ ಪತ್ರಗಳ ಜೊತೆ ಇದೆ.